ಕಿಸಾನ್ ಕ್ರೆಡಿಟ್ ಕಾರ್ಡ್: ಸಾಲದ ಮಿತಿಯ ಲೆಕ್ಕ ಹಾಗೂ ವಾಯಿದೆಯ ಮಹತ್ವ

ಗ್ರಾಮ ಪಂಚಾಯಿತಿಯ ಮಾನ್ಯ ಸದಸ್ಯರ ಮಾಹಿತಿಗಾಗಿ

ಕಿಸಾನ್ ಕ್ರೆಡಿಟ್ ಕಾರ್ಡ್ ಯೋಜನೆಯು 1998ರಿಂದ ಜಾರಿಯಲ್ಲಿದೆ. ಒಂದೇ ಊರಿನಲ್ಲಿ ಸಮನಾದ ಜಮೀನುಳ್ಳ ಇಬ್ಬರು ರೈತರಿಗೆ ಬೇರೆ ಬೇರೆ ಮೊತ್ತದ ಸಾಲ ದೊರೆಯುವುದೇಕೆ, ಶೇ. 4ರ ಬಡ್ಡಿ ಎಂದು ತಿಳಿದು ಸಾಲ ಪಡೆದವರಿಗೆ ಹೆಚ್ಚಿನ ಬಡ್ಡಿ ಬೀಳುವುದೇಕೆ ಎಂಬ ಪ್ರಶ್ನೆಗಳು ಗ್ರಾಮ ಸಭೆಗಳಲ್ಲಿ ಪದೇ ಪದೇ ಕೇಳಿಬರುತ್ತವೆ. ಸದಸ್ಯರು ಇವುಗಳಿಗೆ ಉತ್ತರಿಸಲು ಅನುಕೂಲವಾಗುವಂತೆ ಈ ವಿವರಣೆಯನ್ನು ನೀಡಲಾಗಿದೆ.

ಮಿತಿ ನಿಗದಿಯಾಗುವ ಬಗೆ

ಸಾಲದ ಮಿತಿಯನ್ನು ನಿರ್ಧರಿಸುವುದು ಜಮೀನಿನ ಮಾರುಕಟ್ಟೆ ಬೆಲೆಯಲ್ಲ. ಅದರಲ್ಲಿ ಬೆಳೆಯುವ ಬೆಳೆ. ಪ್ರತಿಯೊಂದು ಬೆಳೆಗೆ ಎಕರೆಗೆ ಎಷ್ಟು ಸಾಲ ನೀಡಬಹುದೆಂಬುದನ್ನು ಜಿಲ್ಲಾ ಮಟ್ಟದ ತಾಂತ್ರಿಕ ಸಮಿತಿಯು ನಿಗದಿಪಡಿಸುತ್ತದೆ. ಬ್ಯಾಂಕುಗಳಲ್ಲಿ ಇದನ್ನು ‘ಸ್ಕೇಲ್ ಆಫ್ ಫೈನಾನ್ಸ್’ ಎನ್ನುತ್ತಾರೆ. ಈ ಮೊತ್ತವನ್ನು ಬೆಳೆಯ ವಿಸ್ತೀರ್ಣದಿಂದ ಗುಣಿಸಿ, ಬಂದ ಮೊತ್ತಕ್ಕೆ ಕೊಯ್ಲಿನ ನಂತರದ ಹಾಗೂ ಮನೆಖರ್ಚಿಗೆಂದು ಶೇ. 10, ಕೃಷಿ ಉಪಕರಣಗಳ ದುರಸ್ತಿ ಮತ್ತು ನಿರ್ವಹಣೆಗೆಂದು ಶೇ. 20 ಸೇರಿಸಲಾಗುತ್ತದೆ. ಬೆಳೆ ವಿಮೆಯ ಕಂತು ಇದ್ದಲ್ಲಿ ಅದೂ ಸೇರುತ್ತದೆ.

ಲೆಕ್ಕ ತಿಳಿಯಲೆಂದು ಒಂದು ಉದಾಹರಣೆಯನ್ನು ನೋಡಬಹುದು. ಮೂರು ಎಕರೆಯ ರೈತರೊಬ್ಬರು ಎರಡು ಎಕರೆಯಲ್ಲಿ ಮುಸುಕಿನ ಜೋಳ, ಒಂದು ಎಕರೆಯಲ್ಲಿ ಶೇಂಗಾ ಬೆಳೆಯುತ್ತಾರೆ. ಎಕರೆಗೆ ಕ್ರಮವಾಗಿ ರೂ. 20,000 ಮತ್ತು ರೂ. 30,000 ನಿಗದಿಯಾಗಿದೆ ಎಂದು ಭಾವಿಸೋಣ. ಬೆಳೆಯ ಭಾಗ ರೂ. 70,000 ಆಗುತ್ತದೆ. ಅದಕ್ಕೆ ಶೇ. 10ರಂತೆ ರೂ. 7,000 ಮತ್ತು ಶೇ. 20ರಂತೆ ರೂ. 14,000 ಸೇರಿ, ವಿಮೆಯ ಕಂತನ್ನು ಬಿಟ್ಟು, ಮೊದಲ ವರ್ಷದ ಮಿತಿ ರೂ. 91,000. ಕೃಷಿ ವೆಚ್ಚದ ಏರಿಕೆಯನ್ನು ಪರಿಗಣಿಸಿ ಮುಂದಿನ ಪ್ರತಿ ವರ್ಷ ಹಿಂದಿನ ವರ್ಷದ ಮಿತಿಗೆ ಶೇ. 10 ಸೇರಿಸಲಾಗುವುದರಿಂದ ಎರಡನೆಯ ವರ್ಷ ಇದು ರೂ. 1,00,100 ಆಗುತ್ತದೆ. ಕಾರ್ಡಿನ ಅವಧಿ ಐದು ವರ್ಷವಾಗಿದ್ದು, ಬ್ಯಾಂಕು ವರ್ಷಕ್ಕೊಮ್ಮೆ ಖಾತೆಯನ್ನು ಪರಿಶೀಲಿಸುತ್ತದೆ.

ಆದ್ದರಿಂದ ಪಹಣಿಯಲ್ಲಿ ನಮೂದಾದ ಬೆಳೆಯೇ ಬೇರೆ, ಹೊಲದಲ್ಲಿರುವ ಬೆಳೆಯೇ ಬೇರೆಯಾದರೆ ಮಿತಿಯೂ ತಪ್ಪಾಗಬಹುದು. ಮಿತಿ ಕಡಿಮೆಯಾಯಿತೆಂದು ದೂರುವ ರೈತರು ಮೊದಲು ಪಹಣಿಯ ಬೆಳೆ ಕಲಂ ಅನ್ನು ನೋಡಿಕೊಳ್ಳುವುದು ಸೂಕ್ತ.

ಬಡ್ಡಿ ರಿಯಾಯಿತಿ

ಕೇಂದ್ರ ಸರ್ಕಾರದ ಬಡ್ಡಿ ಸಹಾಯಧನ ಯೋಜನೆಯಡಿ ರೂ. 3 ಲಕ್ಷದವರೆಗಿನ ಅಲ್ಪಾವಧಿ ಬೆಳೆ ಸಾಲಕ್ಕೆ ರೈತರಿಂದ ಶೇ. 7ರ ಬಡ್ಡಿ ಪಡೆಯಲಾಗುತ್ತದೆ. ಇದಕ್ಕಾಗಿ ಬ್ಯಾಂಕಿಗೆ ಶೇ. 1.5ರಷ್ಟು ಸಹಾಯಧನ ಸಲ್ಲುತ್ತದೆ. ವಾಯಿದೆಯೊಳಗೆ ಸಾಲ ತೀರಿಸಿದವರಿಗೆ ಮಾತ್ರ ಮತ್ತೆ ಶೇ. 3ರ ಪ್ರೋತ್ಸಾಹಧನ ದೊರೆತು, ಬಡ್ಡಿ ಶೇ. 4ಕ್ಕೆ ಇಳಿಯುತ್ತದೆ. ಶೇ. 4 ಎಂಬುದು ಸಾಲ ಪಡೆಯುವಾಗಿನ ದರವಲ್ಲ, ಸಕಾಲದಲ್ಲಿ ತೀರಿಸಿದ ಮೇಲೆ ಉಳಿಯುವ ದರ ಎಂಬುದನ್ನು ರೈತರಿಗೆ ತಿಳಿಸಬೇಕು.

ಮೇಲಿನ ರೈತರು ಬೆಳೆಗೆಂದು ರೂ. 70,000ವನ್ನು ಜೂನ್ ಆರಂಭದಲ್ಲಿ ಪಡೆದು, ಒಂಬತ್ತು ತಿಂಗಳ ನಂತರ ಮಾರ್ಚ್ ಆರಂಭದಲ್ಲಿ ತೀರಿಸಿದರೆಂದಿಟ್ಟುಕೊಳ್ಳೋಣ. ವಾಯಿದೆ ಮಾರ್ಚ್ 31. ಶೇ. 7ರಂತೆ ಬಡ್ಡಿ ರೂ. 3,675, ಶೇ. 4ರಂತೆ ರೂ. 2,100. ಉಳಿತಾಯ ರೂ. 1,575. ಇದೇ ಸಾಲವನ್ನು ವಾಯಿದೆ ಮೀರಿ ಏಪ್ರಿಲ್‌ನಲ್ಲಿ ತೀರಿಸಿದರೆ ಪ್ರೋತ್ಸಾಹಧನ ಪೂರ್ಣವಾಗಿ ತಪ್ಪುತ್ತದೆ. ಜೊತೆಗೆ ವಾಯಿದೆಯ ನಂತರದ ದಿನಗಳಿಗೆ ಬ್ಯಾಂಕಿನ ಸಾಮಾನ್ಯ ದರ ಅನ್ವಯವಾಗುತ್ತದೆ. ರಿಯಾಯಿತಿಯ ಗರಿಷ್ಠ ಅವಧಿ ಒಂದು ವರ್ಷ ಮಾತ್ರ.

ರಾಜ್ಯದ ಸಹಕಾರ ಸಂಘಗಳ ಮೂಲಕ ದೊರೆಯುವ ಶೂನ್ಯ ಬಡ್ಡಿದರದ ಅಲ್ಪಾವಧಿ ಸಾಲಕ್ಕೂ ಸಕಾಲಿಕ ಮರುಪಾವತಿಯೇ ಷರತ್ತು. 2023–24ರ ಆಯವ್ಯಯದಲ್ಲಿ ಇದರ ಮಿತಿಯನ್ನು ರೂ. 3 ಲಕ್ಷದಿಂದ ರೂ. 5 ಲಕ್ಷಕ್ಕೆ ಏರಿಸಲಾಯಿತು.

ಎಡವುವ ಸಂದರ್ಭಗಳು

ಮೊದಲನೆಯದು, ಬಡ್ಡಿಯನ್ನಷ್ಟೇ ಕಟ್ಟಿ ಸಾಲ ತೀರಿತೆಂದು ತಿಳಿಯುವುದು. ಅಸಲು ಸೇರಿ ಜಮೆಯಾದರೆ ಮಾತ್ರ ಅದು ಮರುಪಾವತಿ. ಪೂರ್ಣ ಜಮೆ ಮಾಡಿದ ನಂತರ ಮಿತಿಯೊಳಗೆ ಪುನಃ ಹಣ ಪಡೆಯಲು ಅವಕಾಶವಿದೆ. ಎರಡನೆಯದು, ಸಾಲಮನ್ನಾ ನಿರೀಕ್ಷೆಯಲ್ಲಿ ವಾಯಿದೆ ಮೀರಿಸುವುದು. ಇದರಿಂದ ರಿಯಾಯಿತಿ ಖಚಿತವಾಗಿ ಕೈತಪ್ಪುತ್ತದೆ. ಅಲ್ಪಾವಧಿ ಬೆಳೆಯ ಸಾಲವು ವಾಯಿದೆಯ ನಂತರ ಎರಡು ಬೆಳೆ ಹಂಗಾಮು ಬಾಕಿ ಉಳಿದರೆ ಖಾತೆ ಅನುತ್ಪಾದಕವೆಂದು ವರ್ಗೀಕರಣಗೊಂಡು ಹೊಸ ಸಾಲ ಕಷ್ಟವಾಗುತ್ತದೆ. ಮೂರನೆಯದು, ಕಾರ್ಡಿನ ಬದಲು ಪ್ರತ್ಯೇಕವಾಗಿ ಚಿನ್ನದ ಮೇಲೆ ಕೃಷಿ ಸಾಲ ಪಡೆದು ಈ ರಿಯಾಯಿತಿಯನ್ನು ನಿರೀಕ್ಷಿಸುವುದು.

ಪ್ರೋತ್ಸಾಹಧನ ತಡವಾಗಿ ಜಮೆಯಾಗುವುದುಂಟು. ಆದ್ದರಿಂದ ಪಾಸ್‌ಬುಕ್ಕಿನಲ್ಲಿ ಮೊದಲು ಶೇ. 7ರ ಬಡ್ಡಿ ಕಂಡರೆ ಆತಂಕ ಬೇಡ; ನಂತರವೂ ಜಮೆ ಕಾಣದಿದ್ದರೆ ಶಾಖೆಯಲ್ಲಿ ಲಿಖಿತವಾಗಿ ವಿಚಾರಿಸುವುದು.

ಸಾಲ ಮಂಜೂರಾತಿ ಪಂಚಾಯಿತಿಯ ಅಧಿಕಾರವಲ್ಲ. ಆದರೂ ಕೊಯ್ಲು ಮುಗಿದು ಹಣ ಕೈಸೇರುವ ದಿನಗಳ ಗ್ರಾಮ ಸಭೆಯಲ್ಲಿ, ಪ್ರತಿಯೊಬ್ಬ ಸಾಲಗಾರ ರೈತರು ತಮ್ಮ ವಾಯಿದೆಯ ದಿನಾಂಕವನ್ನು ಬ್ಯಾಂಕಿನಿಂದ ಬರೆಸಿಕೊಂಡಿರುವರೇ ಎಂದು ಸದಸ್ಯರು ವಿಚಾರಿಸುವುದು.