ಬ್ಯಾಕಪ್ ಹುಡುಕಿದರೆ ಜಾಗ ಖಾಲಿ

2017ರ ಜನವರಿ 31ರ ರಾತ್ರಿ ಗಿಟ್‌ಲ್ಯಾಬ್ ಸಂಸ್ಥೆಯ ಎಂಜಿನಿಯರ್ ಒಬ್ಬರು, ಬೇರೆ ಸರ್ವರ್ ಎಂದುಕೊಂಡು ಮುಖ್ಯ ಡೇಟಾಬೇಸ್‌ನ ಕಡತಗಳನ್ನೇ ಅಳಿಸಿದರು. ತಡೆಯುವಷ್ಟರಲ್ಲಿ ಸುಮಾರು 300 ಜಿಬಿಯಲ್ಲಿ ಉಳಿದದ್ದು 4.5 ಜಿಬಿ.

ಬ್ಯಾಕಪ್ ಇರಲಿಲ್ಲ! ಸರ್ವರ್ ಪೋಸ್ಟ್‌ಗ್ರೆಸ್ 9.6, ಪ್ರತಿ ತೆಗೆಯುವ `pg_dump` 9.2ರದ್ದು. ಆವೃತ್ತಿ ಹೊಂದದೆ ಅದು ವಿಫಲವಾಗುತ್ತಿತ್ತು. ಎಚ್ಚರಿಕೆಯ ಇಮೇಲ್‌ಗಳೂ ತಲುಪುತ್ತಿರಲಿಲ್ಲ. ಆರು ಗಂಟೆ ಮೊದಲು ಬೇರೆ ಕೆಲಸಕ್ಕೆ ತೆಗೆದಿದ್ದ ಪ್ರತಿಯೇ ಕೈಹಿಡಿಯಿತು. ಆನಂತರದ ದಾಖಲೆಗಳು ಹೋದವು.

ಬೇಕಾದ ಕ್ಷಣಕ್ಕೆ ಮರಳಲು ಪೂರ್ಣ ಪ್ರತಿಯೂ, ನಂತರದ ಬದಲಾವಣೆಗಳ ವಾಲ್ ಕಡತಗಳೂ ಬೇಕು. ಮೊದಲೇ ಪರೀಕ್ಷಿಸಲು ಗುರುತಿನ ಸಾಲೊಂದನ್ನು ಸೇರಿಸಿ, ಸಮಯ ಬರೆದಿಟ್ಟು, ಬಳಿಕ ಅಳಿಸಬೇಕು. ಬೇರೊಂದು ಸರ್ವರ್‌ನಲ್ಲಿ `recovery_target_time`ಗೆ ಆ ಸಮಯ ಕೊಟ್ಟು ಮರುಸ್ಥಾಪಿಸಿದಾಗ ಸಾಲು ಕಾಣಬೇಕು. ಕಾಣದಿದ್ದರೆ ಮೊದಲು ಸಮಯವಲಯ, ಆಮೇಲೆ ವಾಲ್ ಸರಣಿ ಎಲ್ಲಿ ಕಡಿದಿದೆ ಎಂದು ನೋಡಬೇಕು.