ಮೊಬೈಲ್ ಪೆಟ್ಟಿಗೆಯ ಮೇಲಿನ ‘ಎಸ್‌ಎಆರ್’ ಅಂಕಿ: ಅದು ಅಳೆಯುವುದೇನು?

ಕೊಟ್ಟಾರದ ಮೊಬೈಲ್ ಅಂಗಡಿಯೊಂದರ ಗಾಜಿನ ಕಪಾಟಿನಲ್ಲಿ ಎರಡು ಹ್ಯಾಂಡ್‌ಸೆಟ್‌ಗಳು ಅಕ್ಕಪಕ್ಕ ಇವೆಯೆಂದು ಭಾವಿಸಬಹುದು. ಒಂದು ಭಾರತದ ಮಾರುಕಟ್ಟೆಗೆಂದೇ ಬಂದದ್ದು. ಅದರ ವಿವರಪತ್ರದಲ್ಲಿ ಎಸ್‌ಎಆರ್ 1.10 ಎಂದಿದೆ. ಇನ್ನೊಂದು ಗಲ್ಫ್‌ನಿಂದ ಬಂದದ್ದು, ಅದರಲ್ಲಿ 0.98 ಎಂದಿದೆ. ಗ್ರಾಹಕರು ಎರಡನೆಯದರಲ್ಲಿ ವಿಕಿರಣ ಕಡಿಮೆಯೆಂದು ಅದನ್ನೇ ಕೇಳುತ್ತಾರೆ, ವರ್ತಕರೂ ಹೌದೆನ್ನುತ್ತಾರೆ. ಆದರೆ ಈ ಎರಡು ಅಂಕಿಗಳು ಒಂದೇ ಅಳತೆಗೋಲಿನವು ಆಗಿರಬೇಕೆಂದಿಲ್ಲ.

ಫೋನು ಹೊರಸೂಸುವ ರೇಡಿಯೋ ತರಂಗಗಳ ಶಕ್ತಿಯನ್ನು ದೇಹದ ಅಂಗಾಂಶವು ಎಷ್ಟರ ಮಟ್ಟಿಗೆ ಹೀರಿಕೊಳ್ಳುತ್ತದೆ ಎಂಬುದೇ ಎಸ್‌ಎಆರ್. ಇದನ್ನು ಪ್ರತಿ ಕಿಲೋಗ್ರಾಂಗೆ ಇಷ್ಟು ವ್ಯಾಟ್ ಎಂದು ಹೇಳಲಾಗುತ್ತದೆ. ಪರೀಕ್ಷೆಯಲ್ಲಿ ಮನುಷ್ಯರ ಪಾತ್ರವಿಲ್ಲ. ತಲೆಯ ಆಕಾರದ ಪೊಳ್ಳು ಅಚ್ಚಿನಲ್ಲಿ ಅಂಗಾಂಶದ ವಿದ್ಯುತ್ ಗುಣವುಳ್ಳ ದ್ರವವನ್ನು ತುಂಬುತ್ತಾರೆ. ಫೋನನ್ನು ಅಚ್ಚಿನ ಕೆನ್ನೆಗೆ ತಾಗಿಸಿ, ಬಳಿಕ ತುಸು ಓರೆಯಾಗಿಸಿ, ಎಡ ಬಲ ಎರಡೂ ಕಡೆ ಇಡುತ್ತಾರೆ. ಗೋಪುರದಂತೆ ವರ್ತಿಸುವ ಉಪಕರಣವೊಂದು ಫೋನು ಗರಿಷ್ಠ ಶಕ್ತಿಯಿಂದ ಪ್ರಸಾರ ಮಾಡುವಂತೆ ಆಜ್ಞಾಪಿಸುತ್ತದೆ. ಯಂತ್ರದ ತೋಳೊಂದು ದ್ರವದೊಳಗೆ ಸಣ್ಣ ಸಂವೇದಕವನ್ನು ಚುಕ್ಕಿ ಚುಕ್ಕಿಯಾಗಿ ಸರಿಸುತ್ತ, ಅತಿ ಹೆಚ್ಚು ಶಕ್ತಿ ಎಲ್ಲಿ ಸೇರುತ್ತದೆಂದು ಹುಡುಕುತ್ತದೆ. ಎಲ್ಲ ತರಂಗಾಂತರಗಳಲ್ಲಿ, ಎಲ್ಲ ಭಂಗಿಗಳಲ್ಲಿ ಸಿಕ್ಕ ಅಂಕಿಗಳ ಪೈಕಿ ದೊಡ್ಡದೇ ಸಾಮಾನ್ಯವಾಗಿ ವಿವರಪತ್ರಕ್ಕೆ ಬರುತ್ತದೆ.

ಆ ಬಿಸಿ ಚುಕ್ಕಿಯ ಸುತ್ತ ಎಷ್ಟು ಅಂಗಾಂಶದ ಸರಾಸರಿ ತೆಗೆಯಬೇಕು ಎಂಬುದರಲ್ಲಿ ದೇಶಗಳು ಬೇರೆಯಾಗುತ್ತವೆ. ಭಾರತದಲ್ಲಿ 2012ರ ಸೆಪ್ಟೆಂಬರ್ 1ರಿಂದ 1 ಗ್ರಾಂ ಅಂಗಾಂಶದ ಸರಾಸರಿಗೆ 1.6 ವ್ಯಾಟ್ ಮಿತಿಯಾಗಿದೆ. ಅಮೆರಿಕದ ಮಿತಿಯೂ ಇದೇ. ಯುರೋಪಿನಲ್ಲಿ ತಲೆಗೆ 10 ಗ್ರಾಂ ಸರಾಸರಿಯ ಮೇಲೆ 2 ವ್ಯಾಟ್. ದೊಡ್ಡ ಗಾತ್ರದಲ್ಲಿ ಸರಾಸರಿ ತೆಗೆದರೆ ಬಿಸಿ ಚುಕ್ಕಿಯ ಸುತ್ತಲಿನ ತಣ್ಣನೆಯ ಭಾಗವೂ ಸೇರಿ ಅಂಕಿ ಇಳಿಯುವುದು ಸಹಜ. ಆದ್ದರಿಂದ ಗಲ್ಫ್‌ನ ಫೋನಿನ 0.98 ಎಂಬುದು 10 ಗ್ರಾಂ ಲೆಕ್ಕದ್ದಾದರೆ, ಅದೇ ಫೋನಿನ 1 ಗ್ರಾಂ ಅಂಕಿ ಅದಕ್ಕಿಂತ ಹೆಚ್ಚಿರುತ್ತದೆ, 1.10ನ್ನು ದಾಟಿಯೂ ಹೋಗಬಹುದು. ಎಷ್ಟು ಹೆಚ್ಚೆಂಬುದು ಆಂಟೆನಾದ ಸ್ಥಾನ ಮತ್ತು ತರಂಗಾಂತರವನ್ನು ಅವಲಂಬಿಸಿರುವುದರಿಂದ ಒಂದನ್ನು ಗುಣಿಸಿ ಇನ್ನೊಂದನ್ನು ಪಡೆಯಲಾಗದು. ಸಾಮಾನ್ಯ ಗಣಿತ ಇಲ್ಲಿ ಉಪಯೋಗಕ್ಕೆ ಬಾರದು.

ಇನ್ನೊಂದು ಬಲೆ ಅಂತರದ್ದು. ತಲೆಯ ಪರೀಕ್ಷೆಯಲ್ಲಿ ಫೋನು ಅಚ್ಚಿಗೆ ತಾಗಿರುತ್ತದೆ. ಆದರೆ ದೇಹದ ಪರೀಕ್ಷೆಯಲ್ಲಿ ಕೆಲವು ಮಿಲಿಮೀಟರ್ ಬಿಡುವು ಇರುವುದುಂಟು. ಆ ಬಿಡುವಿನ ಬೆಲೆಯೇನೆಂದು 2023ರ ಸೆಪ್ಟೆಂಬರ್‌ನ ಫ್ರಾನ್ಸ್ ಪ್ರಕರಣ ತೋರಿಸಿಕೊಟ್ಟಿತು. ಅಲ್ಲಿನ ತರಂಗಾಂತರ ಸಂಸ್ಥೆ ಎಎನ್‌ಎಫ್‌ಆರ್ ಐಫೋನ್ 12ನ್ನು ಪರೀಕ್ಷಿಸಿದಾಗ, ಕೈ ಅಥವಾ ಪ್ಯಾಂಟ್ ಜೇಬಿನಲ್ಲಿರುವಂತೆ ತಾಗಿಸಿಟ್ಟಾಗ 5.74 ವ್ಯಾಟ್ ಬಂತು. ಮಿತಿ 4 ವ್ಯಾಟ್. ಅದೇ ಫೋನು ಕೋಟಿನ ಜೇಬು ಅಥವಾ ಚೀಲದಲ್ಲಿರುವಂತೆ 5 ಮಿ.ಮೀ. ಅಂತರದಲ್ಲಿ ಪರೀಕ್ಷೆಗೊಳಪಟ್ಟಾಗ ಮಿತಿಯೊಳಗೇ ಇತ್ತು. ಫ್ರಾನ್ಸ್‌ನಲ್ಲಿ ಮಾರಾಟ ನಿಂತಿತು. ಕಂಪನಿ ಸಾಫ್ಟ್‌ವೇರ್ ಬದಲಿಸಿತು. ಫೋನು ದೇಹದಿಂದ ದೂರ ಮೇಜಿನಂತಹ ಸ್ಥಿರ ಸ್ಥಳದಲ್ಲಿದೆಯೆಂದು ಸಂವೇದಕ ಗುರುತಿಸಿದಾಗ ಪ್ರಸಾರ ಶಕ್ತಿ ತುಸು ಏರಲು ಬಿಡುವ ವ್ಯವಸ್ಥೆಯೇ ಈ ವ್ಯತ್ಯಾಸಕ್ಕೆ ಕಾರಣವೆಂದು ಕಂಪನಿ ವಿವರಿಸಿತು.

ಹಾಗಾದರೆ 0.6 ಅಂಕಿಯ ಫೋನು 1.1 ಅಂಕಿಯದಕ್ಕಿಂತ ಸುರಕ್ಷಿತವೇ? ಅಳತೆ ಒಂದೇ ಆಗಿದ್ದರೂ ಹಾಗೆ ಹೇಳುವುದು ಕಷ್ಟ. ಎರಡೂ ಮಿತಿಯೊಳಗಿವೆ, ಪರೀಕ್ಷೆಯಲ್ಲೇ ಶೇ. 30ರವರೆಗೆ ಅನಿಶ್ಚಿತತೆಗೆ ಮಾನದಂಡ ಅವಕಾಶ ಕೊಡುತ್ತದೆ. ಮೇಲಾಗಿ ಅಂಕಿಯು ಗರಿಷ್ಠ ಪ್ರಸಾರದ್ದು. ಗೋಪುರ ಹತ್ತಿರವಿದ್ದು ಸಿಗ್ನಲ್ ಚೆನ್ನಾಗಿದ್ದರೆ ಫೋನು ತನ್ನ ಶಕ್ತಿಯನ್ನು ತಾನೇ ಬಹಳಷ್ಟು ಇಳಿಸಿಕೊಳ್ಳುತ್ತದೆ. ಸಿಗ್ನಲ್ ದುರ್ಬಲವಾದಂತೆ ಏರಿಸುತ್ತದೆ. ಗರಿಷ್ಠ ಅಂಕಿಯು 2ಜಿಯ 900 ಮೆಗಾಹರ್ಟ್ಸ್‌ನಲ್ಲಿ ಬಂದಿದ್ದರೆ, 2ಜಿ ಜಾಲವೇ ಇಲ್ಲದ ಜಿಯೋ ಸಿಮ್ ಹಾಕಿದವರಿಗೆ ಆ ಅಂಕಿ ಅನ್ವಯವೇ ಆಗದು. ಕಡಿಮೆ ಎಸ್‌ಎಆರ್ ಎಂದು ಫಲಕ ಹಾಕಿ ಮಾರುವುದು ಹೀಗಾಗಿ ಗ್ರಾಹಕರ ದಾರಿ ತಪ್ಪಿಸಿದಂತೆಯೇ. ಫೋನಿನ ಹಿಂಬದಿಗೆ ಅಂಟಿಸುವ ‘ವಿಕಿರಣ ತಡೆ’ ಬಿಲ್ಲೆಗಳ ಸ್ಥಿತಿ ಇನ್ನೂ ಕೆಟ್ಟದ್ದು: ಅವು ಆಂಟೆನಾಕ್ಕೆ ನಿಜವಾಗಿಯೂ ಅಡ್ಡಿಯಾದರೆ ಫೋನು ಇನ್ನಷ್ಟು ಶಕ್ತಿ ಏರಿಸುವ ಪ್ರಸಂಗ ಬರುತ್ತದೆ.

ಹಲವು ಹ್ಯಾಂಡ್‌ಸೆಟ್‌ಗಳಲ್ಲಿ *#07# ಒತ್ತಿದರೆ ಎಸ್‌ಎಆರ್ ಮಾಹಿತಿ ಪರದೆಯ ಮೇಲೆ ಬರುತ್ತದೆ. ಸಗಟು ಖರೀದಿ ಮಾಡುವವರು ಅಥವಾ ತಮ್ಮ ಹೆಸರಿನಲ್ಲಿ ಫೋನು ಜೋಡಿಸಿ ಮಾರುವ ಸಣ್ಣ ಉದ್ಯಮಿಗಳು ಬರಿಯ ಅಂಕಿಗೆ ತೃಪ್ತರಾಗದೆ ಪೂರೈಕೆದಾರರಿಂದ ಪರೀಕ್ಷಾ ವರದಿಯನ್ನೇ ತರಿಸಿಕೊಳ್ಳಬೇಕು. ಸರಾಸರಿ 1 ಗ್ರಾಂನದೋ 10 ಗ್ರಾಂನದೋ, ಅಂಕಿ ತಲೆಯದೋ ದೇಹದ್ದೋ, ಅಂತರ ಎಷ್ಟು ಮಿ.ಮೀ., ಯಾವ ತರಂಗಾಂತರ ಎಂಬುದು ಅದರಲ್ಲಿರುತ್ತದೆ. ವರದಿಯಲ್ಲಿನ ಮಾದರಿ ಸಂಖ್ಯೆ ಪೆಟ್ಟಿಗೆಯ ಮೇಲಿನದಕ್ಕೆ ಅಕ್ಷರಶಃ ತಾಳೆಯಾಗಬೇಕು, ಏಕೆಂದರೆ ಒಂದೇ ಹೆಸರಿನ ಫೋನು ದೇಶಕ್ಕೊಂದು ಆಂಟೆನಾ ಮತ್ತು ತರಂಗಾಂತರದ ಜೋಡಣೆಯಲ್ಲಿ ತಯಾರಾಗುವುದುಂಟು.