ಹಳೆಯದನ್ನು ಪಕ್ಕದಲ್ಲಿಟ್ಟು ಫೋಟೋ ತೆಗೆಯಿರಿ

ಒಡೆದ ಡಿಸ್‌ಪ್ಲೇ ಬದಲಿಸಲು ರಿಪೇರಿ ಅಂಗಡಿಗೆ ಹೋದರೆ ಒಂದೇ ಫೋನಿಗೆ ಮೂರು ಬೆಲೆ ಹೇಳುತ್ತಾರೆ: ಕಾಪಿ, ಫಸ್ಟ್ ಕಾಪಿ, ಒರಿಜಿನಲ್. ಈ ಹೆಸರುಗಳಿಗೆ ಎಲ್ಲರೂ ಒಪ್ಪಿದ ಅಳತೆಯಿಲ್ಲ. ಹಾಗಾಗಿ ಹೆಸರು ಬಿಟ್ಟು ಬಿಡಿಭಾಗವನ್ನೇ ನೋಡಬೇಕು. ಫೋನನ್ನು ಹಿಂದೆಂದೂ ಬಿಚ್ಚಿಸಿಲ್ಲವಾದರೆ, ಅದರಿಂದ ಹೊರತೆಗೆದ ಹಳೆಯ ಭಾಗಕ್ಕಿಂತ ನಂಬಿಕಸ್ತ ಮಾದರಿ ಬೇರೆ ಸಿಗದು. ಹೊಸದನ್ನು ಕೂರಿಸುವ ಮೊದಲು ಎರಡನ್ನೂ ಅಕ್ಕಪಕ್ಕ ಇಟ್ಟು, ಒಂದೇ ಬೆಳಕಿನಲ್ಲಿ, ಒಂದೇ ಫೋಟೋದಲ್ಲಿ ಹಿಡಿಯಿರಿ.

ಐಫೋನ್ 12 ಅನ್ನೇ ತೆಗೆದುಕೊಳ್ಳೋಣ. ಕಾರ್ಖಾನೆಯಿಂದ ಅದು ಬರುವುದು ಓಎಲ್‌ಇಡಿ ಪರದೆಯೊಂದಿಗೆ. ಮಾರುಕಟ್ಟೆಯಲ್ಲಿ ಅದಕ್ಕೆ ಕೂರುವ ಅಗ್ಗದ ಎಲ್‌ಸಿಡಿಯೂ ಸಿಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ತಾನೇ ಬೆಳಗುತ್ತದೆ. ಕಪ್ಪು ತೋರಿಸಬೇಕಾದ ಕಡೆ ಪೂರ್ತಿ ಆರಿಹೋಗುತ್ತದೆ. ಎಲ್‌ಸಿಡಿಯ ಹಿಂದೆ ಸದಾ ಒಂದು ದೀಪ ಉರಿಯುತ್ತಿರುತ್ತದೆ, ಕಪ್ಪು ಚಿತ್ರ ಹಾಕಿದರೂ ಅದರ ಬೆಳಕು ಸ್ವಲ್ಪ ಸೋರುತ್ತದೆ. ಪರೀಕ್ಷೆ ನಿಂತಿರುವುದು ಈ ವ್ಯತ್ಯಾಸದ ಮೇಲೆ.

ನಟ್ಟನಡುವೆ ಚಿಕ್ಕ ಬಿಳಿ ಚೌಕವಿರುವ ಕಪ್ಪು ಚಿತ್ರವೊಂದನ್ನು ಪರದೆಯ ತುಂಬ ತೆರೆದು, ಬ್ರೈಟ್‌ನೆಸ್ ಪೂರ್ತಿ ಏರಿಸಿ. ಕೋಣೆಯ ದೀಪ ಆರಿಸಿ, ಇನ್ನೊಂದು ಫೋನಿನ ನೈಟ್ ಮೋಡ್‌ನಲ್ಲಿ ಅಲುಗಾಡಿಸದೆ ಫೋಟೋ ತೆಗೆಯಿರಿ. ಓಎಲ್‌ಇಡಿಯಾದರೆ ಚೌಕವೊಂದೇ ಎದ್ದು ಕಾಣುತ್ತದೆ, ಪರದೆಯ ಅಂಚು ಎಲ್ಲಿದೆಯೆಂದೇ ತಿಳಿಯದು. ಎಲ್‌ಸಿಡಿಯಾದರೆ ಇಡೀ ಪರದೆ ಮಂಕು ಬೂದು ಆಯತವಾಗಿ ಕಾಣಿಸುತ್ತದೆ, ಹಲವು ಸಲ ಮೂಲೆಗಳಲ್ಲಿ ಬೆಳಕು ಹೆಚ್ಚು. ಆದರೆ ಕಾಪಿ ಓಎಲ್‌ಇಡಿಗಳೂ ಇವೆ, ಅವು ಈ ಪರೀಕ್ಷೆಯಲ್ಲಿ ಪಾಸಾಗುತ್ತವೆ.

ಆಗ ಬಿಳಿ ಮತ್ತು ಬೂದು ಬಣ್ಣ ನೋಡಬೇಕು. ಇಲ್ಲಿ ಮೋಸಹೋಗುವುದು ಸುಲಭ, ಏಕೆಂದರೆ ಕ್ಯಾಮೆರಾ ತಾನಾಗಿ ಬಿಳಿಯನ್ನು ತಿದ್ದುತ್ತದೆ. ನೀಲಿಗೆ ತಿರುಗಿದ ಪರದೆಯೂ ಫೋಟೋದಲ್ಲಿ ಸರಿಯಾಗಿಯೇ ಕಾಣಬಹುದು. ಅದೇ ಮಾದರಿಯ, ಬಿಚ್ಚದ ಇನ್ನೊಂದು ಫೋನನ್ನು ಪಕ್ಕದಲ್ಲಿಟ್ಟು ಎರಡೂ ಒಂದೇ ಫೋಟೋದಲ್ಲಿ ಬರುವಂತೆ ತೆಗೆದರೆ ಮಾತ್ರ ಹೋಲಿಕೆಗೆ ಅರ್ಥ. ಎರಡರಲ್ಲೂ True Tone, Night Shift ಆರಿಸಿ, ಬ್ರೈಟ್‌ನೆಸ್ ಸಮ ಮಾಡಿ. ಕಾಪಿಯ ಬಿಳಿ ಸಾಮಾನ್ಯವಾಗಿ ನೀಲಿಯತ್ತ ವಾಲಿರುತ್ತದೆ. ಬೂದು ಬಣ್ಣ ಒಂದು ಬದಿಯಲ್ಲಿ ಹಸಿರಾಗಿಯೋ ಗುಲಾಬಿಯಾಗಿಯೋ ಕಾಣಬಹುದು. ಪರದೆಯ ಸುತ್ತಲಿನ ಕಪ್ಪು ಅಂಚು ಅಗಲವಾಗಿದ್ದರೆ ಅದೂ ಒಂದು ಸುಳಿವು.

ಕನೆಕ್ಟರ್ ಎಂದರೆ ತೆಳು ಪಟ್ಟಿಯಂಥ ಕೇಬಲ್ಲಿನ ತುದಿಯ ಪುಟ್ಟ ಕೂಡುಕೊಂಡಿ. ಮ್ಯಾಕ್ರೋ ಫೋಟೋ ಹಿಗ್ಗಿಸಿ ನೋಡಿ. ಪಿನ್ನುಗಳ ಸಾಲು ನೇರವಾಗಿದೆಯೇ, ಹೊಳಪು ಒಂದೇ ಸಮ ಇದೆಯೇ, ಕೇಬಲ್ಲಿನ ತಿರುವು ಮತ್ತು ಮೇಲಿನ ಅಚ್ಚು ಹಳೆಯದಕ್ಕೆ ಹೊಂದುತ್ತದೆಯೇ? ಚಿಪ್ಪಿನ ಸುತ್ತ ಕಂದು ಅಂಟಿನಂತೆ ಫ್ಲಕ್ಸ್ ಉಳಿದಿದ್ದರೆ ಅಲ್ಲಿ ಬೆಸುಗೆ ಕೆಲಸ ನಡೆದಿದೆ. ಹಳೆಯ ಪರದೆಯ ಚಿಪ್ಪನ್ನು ಕಿತ್ತು ಹೊಸದಕ್ಕೆ ಕೂರಿಸುವುದು ರಿಪೇರಿಯವರಿಗೆ ಗೊತ್ತಿರುವ ವಿದ್ಯೆ; ಹಾಗೆ ಮಾಡಿದರೆ ಫೋನಿನ ಎಚ್ಚರಿಕೆ ಸಂದೇಶ ಬಾರದೆ ಹೋಗಬಹುದು. ಬ್ಯಾಟರಿಯಲ್ಲೂ ಇದೇ ಕೆಲಸ ನಡೆಯುತ್ತದೆ: ತಲೆಭಾಗದ ಕಪ್ಪು ಟೇಪು ಸುಕ್ಕಾಗಿದ್ದರೆ, ಲೋಹದ ಪಟ್ಟಿಯ ಮೇಲೆ ಎರಡು ಸಲ ವೆಲ್ಡ್ ಮಾಡಿದ ಗುರುತಿದ್ದರೆ, ಹಳೆಯ ಬೋರ್ಡು ಹೊಸ ಸೆಲ್ಲಿಗೆ ಬಂದಿದೆ ಎಂದು ಅನುಮಾನಿಸಬೇಕು.

ಬ್ಯಾಟರಿಯ ಲೇಬಲ್ ಅನ್ನು ಓದುವುದಷ್ಟೇ ಅಲ್ಲ, ಲೆಕ್ಕ ಹಾಕಿಯೂ ನೋಡಬಹುದು. ಐಫೋನ್ 12ರ ಬ್ಯಾಟರಿಗೆ ಲೆಕ್ಕ ಹೀಗೆ ಬರುತ್ತದೆ:

2815 mAh × 3.83 V ÷ 1000 = 10.78 Wh

ಈಗ ಅಂಗಡಿಯವರು ತೋರಿಸಿದ ಬ್ಯಾಟರಿಯ ಮೇಲೆ 3500 mAh, 3.83 V, 10.78 Wh ಎಂದಿದೆ ಎಂದುಕೊಳ್ಳಿ. ಗುಣಿಸಿದರೆ 13.4 ಬರುತ್ತದೆ. ಅಂದರೆ ಹಳೆಯ ಲೇಬಲ್ಲನ್ನು ನಕಲು ಮಾಡಿ ಒಂದು ಅಂಕಿಯನ್ನಷ್ಟೇ ಹಿಗ್ಗಿಸಿದ್ದಾರೆ. ಲೆಕ್ಕ ಸರಿಹೊಂದಿದ ಮಾತ್ರಕ್ಕೆ ಬ್ಯಾಟರಿ ಅಸಲಿಯೆಂದಲ್ಲ. ಅಂಥದೇ ಇನ್ನೊಂದು ಬ್ಯಾಟರಿ ತೋರಿಸಲು ಕೇಳಿ, ಎರಡರ ಮೇಲೂ ಒಂದೇ ಸೀರಿಯಲ್ ನಂಬರ್ ಇದ್ದರೆ ಲೇಬಲ್ ನಕಲಿ. ಲೇಬಲ್ ಮೇಲೆ R- ಎಂದು ಆರಂಭವಾಗುವ ಬಿಐಎಸ್ ನೋಂದಣಿ ಸಂಖ್ಯೆಯಿದ್ದರೆ BIS Care ಆ್ಯಪ್‌ನಲ್ಲಿ ಹಾಕಿ ನೋಡಿ. ಅದು ಬ್ಯಾಟರಿಯಲ್ಲದೆ ಬೇರೆ ವಸ್ತುವನ್ನು ತೋರಿಸಿದರೆ ಕೊಳ್ಳಬೇಡಿ. ಉಬ್ಬಿದ ಹಳೆಯ ಬ್ಯಾಟರಿಯ ಫೋಟೋ ಸಾಕು, ಅದನ್ನು ಮನೆಗೆ ತರಬೇಡಿ.

ಐಫೋನ್ 12ರಲ್ಲಿ ಐಓಎಸ್ 15.2ರಿಂದ ಈಚೆಗೆ Settings > General > About ಒಳಗೆ ಬದಲಾದ ಭಾಗದ ವಿವರ ಕಾಣುತ್ತದೆ. ಅಲ್ಲಿ Unknown Part ಎಂದು ಬಂದರೆ ಭಾಗ ನಕಲಿಯೇ ಆಗಿರಬೇಕೆಂದಿಲ್ಲ. ಬೇರೊಂದು ಐಫೋನಿನಿಂದ ತೆಗೆದ ಅಸಲಿ ಪರದೆಗೂ ಆ ಮಾತು ಬರಬಹುದು. ಅಂಥ ಪರದೆ, ಒಳ್ಳೆಯ ಕಾಪಿಗಿಂತ ನನ್ನ ಮಟ್ಟಿಗೆ ಮೇಲು. ಬಿಲ್ಲಿನಲ್ಲಿ ‘ಒರಿಜಿನಲ್’ ಎಂದು ಬರೆಸುವ ಬದಲು ‘ಓಎಲ್‌ಇಡಿ, ಬೇರೆ ಫೋನಿನಿಂದ ತೆಗೆದದ್ದು’ ಅಥವಾ ‘ಎಲ್‌ಸಿಡಿ, ಹೊಸದು’ ಎಂದು ಬರೆಸಿಕೊಳ್ಳಿ.